ಐದು ಹೆಡ್ ಆದ್ಮೇಲೆ ಟೇಲ್ ಗ್ಯಾರಂಟಿನಾ?

"ಸತತ ಐದು ಹೆಡ್ ಬಿದ್ರೆ ಆರನೇದು ಟೇಲೇ, ಕಣ್ಮುಚ್ಕೊಂಡು ಬೆಟ್ ಕಟ್ಟಿ."

ಇಲ್ಲ ಕಣ್ರೀ, ದುಡ್ಡು ಕಳ್ಕೋಬೇಡಿ. ತುಮಕೂರಲ್ಲಿ ಟೀ ಅಂಗಡಿ ಮುಂದೆ ನಾನೂ ನನ್ನ ಫ್ರೆಂಡೂ ಇದಕ್ಕೇ ಕಿತ್ತಾಡಿದ್ವಿ, ಐದು ಹೆಡ್ ಬಿದ್ದಾಗಿತ್ತು, "ಮಗಾ, ಆರೂ ಹೆಡ್ ಬೀಳೋ ಚಾನ್ಸ್ 64ಕ್ಕೆ 1 ಅಷ್ಟೇ" ಅಂದ, ಲೆಕ್ಕ ಸರೀನೇ, ಆದ್ರೆ ಅದು ಮೊದಲ್ನೇ ಟಾಸ್‌ಗೂ ಮುಂಚಿನ ಲೆಕ್ಕ. "ಐದು ಹೆಡ್ ಆಗಿ ಆಮೇಲೆ ಟೇಲ್ ಬೀಳೋದೆಷ್ಟು ಹೇಳೋ" ಅಂದೆ. ಬರೆದು ನೋಡಿದ, ಅದೂ 64ಕ್ಕೆ 1! ಎರಡೂ ಸಮ, ಅಂದ್ರೆ ಆರನೇದು ಅರ್ಧಕ್ಕರ್ಧ.

"ಸಾವಿರ ಸಲ ಹಾಕಿದ್ರೆ ಸಮ ಆಗ್ಲೇಬೇಕಲ್ವಾ?" ಅಂದ. ಶೇಕಡಾ 50ರ ಹತ್ರ ಬರುತ್ತೆ ನಿಜ, ಆದ್ರೆ ಟೇಲ್ ಜಾಸ್ತಿ ಬಿದ್ದು ಆ ಐದು ಹೆಡ್ಡಿನ ಸಾಲ ತೀರಿಸಿ ಅಲ್ಲ, ಸಾವಿರದ ರಾಶೀಲಿ ಐದು ಲೆಕ್ಕಕ್ಕೇ ಬರಲ್ಲ ಅಂತ. ಆರನೇದು ಹಾರಿಸ್ದ. ಈ ಸಲ ಬೆಟ್ ಕಟ್ಲಿಲ್ಲ.