ಬಾಂಬೆ ಟ್ರಿಪ್ ಅಂದ್ರೆ ನಾಲ್ಕು ದಿನ

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್ ಆದೆ. ಹೆಸರು ದೊಡ್ಡದು, ಕೆಲಸ ಸಣ್ಣದು. ವಾರಕ್ಕೆ ಎರಡು ದಿನ ಜೈಲಿನ ಒಳಗೆ ಒಂದು ಟೇಬಲ್ ಹಾಕಿಕೊಂಡು ಕೂರುತ್ತೇನೆ. ಜಾಮೀನು ಅರ್ಜಿ, ಮೇಲ್ಮನವಿ, ವಕೀಲರು ಬೇಕು ಅನ್ನೋ ಅರ್ಜಿ ಬರೆದುಕೊಡುತ್ತೇನೆ. ಆದರೆ ಹೋದ ಆಗಸ್ಟ್‌ನಲ್ಲಿ ಒಬ್ಬ ಡ್ರೈವರ್ ಬಂದು, "ಮೇಷ್ಟ್ರೇ, ಮಗಳಿಗೊಂದು ಕಾಗದ ಬರೀಬೇಕು" ಅಂದ. ಇಷ್ಟು ಕಷ್ಟದ ಅರ್ಜಿಯನ್ನು ನಾನು ಈವರೆಗೆ ಬರೆದಿಲ್ಲ.

ಅವನ ಮತ್ತು ಅವನ ಹೆಂಡತಿಯ ಒಪ್ಪಿಗೆ ತಗೊಂಡೇ ಇದನ್ನು ಹಾಕುತ್ತಿದ್ದೇನೆ. ಗುರುತು ಸಿಗುವ ವಿವರ ಬದಲಾಯಿಸಿದ್ದೇನೆ.

2017ರ ಫೆಬ್ರವರಿ. ಟೊಮ್ಯಾಟೊ ಕ್ರೇಟು ತುಂಬಿದ ಕ್ಯಾಂಟರ್. ಬೆಳಗಿನ ಜಾವ ಐದಕ್ಕೆ ಸ್ಟಿಯರಿಂಗ್ ಮೇಲೇ ಕಣ್ಣು ಮುಚ್ಚಿತು. ಡೇರಿಗೆ ಹಾಲು ಹಾಕಲು ಸೈಕಲ್‌ನಲ್ಲಿ ಹೋಗುತ್ತಿದ್ದ ಒಬ್ಬ ವಯಸ್ಸಾದವರಿಗೆ ಗಾಡಿ ಬಡಿಯಿತು. ಅವರು ಉಳಿಯಲಿಲ್ಲ. ಐಪಿಸಿ 304ಎ, ಅಂದರೆ ನಿರ್ಲಕ್ಷ್ಯದಿಂದ ಸಾವು. ಗರಿಷ್ಠ ಎರಡು ವರ್ಷ ಸಜೆ. 2024ರ ಜುಲೈ 1ರಿಂದ ಈಚಿನ ಪ್ರಕರಣಗಳಿಗೆ ಹೊಸ ಕಾನೂನಿನಲ್ಲಿ ಇದು ಐದು ವರ್ಷದವರೆಗೆ ಹೋಗುತ್ತದೆ. ಇವನದು ಹಳೇ ಕೇಸು, ಹಳೇ ಕಾನೂನು.

ಇದು ಜಾಮೀನು ಸಿಗುವ ಅಪರಾಧ. ಹಾಗಾಗಿ ಆವತ್ತೇ ಬಿಡುಗಡೆ. ತಾಲ್ಲೂಕು ಕೋರ್ಟಿನಲ್ಲಿ 2020ಕ್ಕೆ ಆರು ತಿಂಗಳ ಸಾದಾ ಸಜೆ ಆಯಿತು. ಮೇಲ್ಮನವಿ ಹಾಕಿದ, ಸಜೆ ಅಮಾನತಿನಲ್ಲಿ ಉಳಿಯಿತು. ಸೆಷನ್ಸ್ ಕೋರ್ಟು 2023ರಲ್ಲಿ ವಜಾ ಮಾಡಿತು. ಹೈಕೋರ್ಟಿಗೆ ಹೋದ. ಅಲ್ಲೂ 2025ರಲ್ಲಿ ವಜಾ. ಜುಲೈ 21ಕ್ಕೆ ಶರಣಾದ. ಅಪಘಾತದ ಆ ಬೆಳಗಿನ ಜಾವ ತೊಟ್ಟಿಲಲ್ಲಿ ಮಲಗಿದ್ದ ಮಗು ಈಗ ನಾಲ್ಕನೇ ಕ್ಲಾಸು.

ನಮ್ಮ ಜನಕ್ಕೆ ಇನ್ನೊಂದು ಭ್ರಮೆ ಇದೆ. ಇನ್ಶೂರೆನ್ಸ್ ದುಡ್ಡು ಬಂತು, ಕೇಸು ಮುಗೀತು ಅಂತ. ಪರಿಹಾರದ ಕೇಸೇ ಬೇರೆ, ಇದೇ ಬೇರೆ. 304ಎಗೆ ರಾಜಿ ಇಲ್ಲ. ಸತ್ತವರ ಮನೆಯವರು "ಹೋಗಲಿ ಬಿಡಿ" ಅಂದರೂ ಕೇಸು ನಡೆಯುತ್ತದೆ. ಇವನ ಮನೆಯವರೂ ಎಂಟು ವರ್ಷ ಎಲ್ಲ ಮುಗಿದುಹೋಯ್ತು ಅಂದುಕೊಂಡೇ ಇದ್ದರು. ಮಗಳಿಗೆ ಹೇಳುವ ಪ್ರಶ್ನೆಯೇ ಬಂದಿರಲಿಲ್ಲ.

ಶರಣಾದ ದಿನ ತಾಯಿ ಹೇಳಿದ್ದು, "ಅಪ್ಪ ಬಾಂಬೆಗೆ ಲೋಡ್ ತಗೊಂಡು ಹೋಗಿದ್ದಾರೆ." ಆದರೆ ಅವಳು ಡ್ರೈವರ್ ಮಗಳು. ಬಾಂಬೆ ಟ್ರಿಪ್ ಅಂದ್ರೆ ನಾಲ್ಕು ದಿನ ಅಂತ ಅವಳಿಗೆ ಬಾಯಿಪಾಠ. ಐದನೇ ದಿನ ಕೇಳಿದಳು. ಹತ್ತನೇ ದಿನ ಕೇಳಿದಳು. ಮೂರನೇ ವಾರದಲ್ಲಿ ಕೇಳುವುದನ್ನೇ ನಿಲ್ಲಿಸಿದಳು. ತಾಯಿಗೆ ಭಯ ಹತ್ತಿದ್ದು ಆಗಲೇ. ವಿಚಾರಿಸಿದರೆ, ಶಾಲೆಯಲ್ಲಿ ಯಾವುದೋ ಹುಡುಗ "ನಿಮ್ಮಪ್ಪ ಜೈಲಲ್ಲಿದ್ದಾನೆ" ಅಂದಿದ್ದಾನೆ. ಮಗು ಮನೆಗೆ ಬಂದು ಅಮ್ಮನಿಗೆ ಹೇಳಿಲ್ಲ. ಅಮ್ಮ ಸುಳ್ಳು ಹೇಳ್ತಿದ್ದಾಳೆ ಅಂತ ಗೊತ್ತಾದ ಮೇಲೆ ಅಮ್ಮನಿಗೆ ಬೇಜಾರಾಗಬಾರದು ಅಂತ ಅವಳೂ ಸುಮ್ಮನಾಗಿದ್ದಾಳೆ. ಒಂಬತ್ತು ವರ್ಷದ ಕೂಸು!

ಅವನು ಮೊದಲು ಬರೆದುಕೊಂಡು ಬಂದ ಕಾಗದದಲ್ಲಿ ಎಲ್ಲ ತಪ್ಪೂ ಹಣೆಬರಹದ್ದು. "ನನ್ನ ಗ್ರಹಚಾರ, ಯಾರದೂ ತಪ್ಪಿಲ್ಲ." ನಾನು ಕೇಳಿದೆ, "ಯಾರದೂ ತಪ್ಪಿಲ್ಲ ಅಂದ್ರೆ ಜಡ್ಜು ಯಾಕಪ್ಪ ಒಳಗೆ ಹಾಕಿದರು ಅಂತ ಕೇಳಲ್ವಾ ಅವಳು?" ಮುಂದಿನ ವಾರ ಇನ್ನೊಂದು ತಂದ. ಅದರಲ್ಲಿ ಪೂರ್ತಿ ಉಲ್ಟಾ. "ನಿನ್ನಪ್ಪ ಪಾಪಿ, ನನ್ನ ಮುಖ ನೋಡಬೇಡ." ಇದನ್ನು ಓದಿದ ಮಗು ಅಪ್ಪನನ್ನು ಸಮಾಧಾನ ಮಾಡುವ ಕೆಲಸಕ್ಕೆ ಕೂರಬೇಕು. ಅದು ಅವಳ ಕೆಲಸವಲ್ಲ.

ನಿಜವಾದ ಜಗಳ ಆದದ್ದು ಮೂರನೇ ಸಲ. ಅದರಲ್ಲಿ ಒಂದು ಸಾಲಿತ್ತು. "ನಿನ್ನ ಮೊದಲ ಹುಟ್ಟುಹಬ್ಬಕ್ಕೆ ದುಡ್ಡು ಬೇಕಿತ್ತು, ಅದಕ್ಕೇ ಎರಡು ರಾತ್ರಿ ನಿದ್ದೆಗೆಟ್ಟು ಗಾಡಿ ಓಡಿಸಿದೆ." ನಾನು ಅದರ ಮೇಲೆ ಗೆರೆ ಎಳೆದೆ. ಅವನಿಗೆ ಸಿಟ್ಟು ಬಂತು.

"ನಿಜಾನೇ ಬರೀಬೇಕು ಅಂದ್ರಲ್ಲ ಮೇಷ್ಟ್ರೇ. ಇದು ನಿಜ."

"ನಿಜವೇ. ಆದರೆ ಇದನ್ನು ಓದಿ ಅವಳಿಗೆ ಏನು ಅನ್ನಿಸುತ್ತೆ ಹೇಳು."

ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಹುಟ್ಟಿದ್ದಕ್ಕೇ ಹೀಗಾಯ್ತು ಅನ್ಕೋತಾಳೆ" ಅಂದ. ಗೆರೆಯನ್ನು ಅವನೇ ಇನ್ನೊಮ್ಮೆ ದಪ್ಪಗೆ ಎಳೆದ.

ಇಂಥ ಕಾಗದಗಳಲ್ಲಿ ಸುಳ್ಳಿಗಿಂತ ಜಾಸ್ತಿ ಎಚ್ಚರ ಬೇಕಾದದ್ದು ಈ ಥರದ ನಿಜಕ್ಕೆ. ಏನೇ ಆದರೂ ಮಕ್ಕಳು ಮೊದಲು ತಮ್ಮಿಂದಲೇ ಆಯಿತೇನೋ ಅಂದುಕೊಳ್ಳುತ್ತವೆ. ಮೂವತ್ತು ವರ್ಷ ಕ್ಲಾಸಿನಲ್ಲಿ ನೋಡಿದ್ದೇನೆ. ಅಪ್ಪ ಅಮ್ಮ ಜಗಳ ಆಡಿದರೆ, ಹಸು ಸತ್ತರೆ, ಕೊನೆಗೆ ಮಳೆ ಬರದಿದ್ದರೂ! ನಿದ್ದೆಗೆಟ್ಟು ಗಾಡಿ ಓಡಿಸಿದ್ದು ಅವನ ನಿರ್ಧಾರ. ಅಷ್ಟು ಹೇಳಿದರೆ ಸಾಕು.

ಜೈಲಿನಿಂದ ಹೋಗುವ ಕಾಗದವನ್ನು ಅಧಿಕಾರಿಗಳು ಓದಿಯೇ ಕಳಿಸುವುದು. ಬೇರೆಯವರು ಓದುತ್ತಾರೆ ಅನ್ನೋ ನಾಚಿಕೆಯಿಂದ "ಮುದ್ದು" ಅನ್ನೋ ಪದ ಹೊಡೆದುಹಾಕಿದ್ದ. ಅದನ್ನು ವಾಪಸ್ ಸೇರಿಸಿದೆವು. ಕೊನೆಗೆ ಹೋದ ಕಾಗದ ಇದು.

"ಮುದ್ದು ಪುಟ್ಟಿ,

ಅಪ್ಪ ಬಾಂಬೆಗೆ ಹೋಗಿಲ್ಲ. ನಿನಗೆ ಆಗಲೇ ಗೊತ್ತಿದೆ ಅಂತ ಅಮ್ಮ ಹೇಳಿದಳು. ಹೌದು, ಜೈಲಿನಲ್ಲಿದ್ದೀನಿ. ಅಮ್ಮನ ಮೇಲೆ ಕೋಪ ಮಾಡ್ಕೋಬೇಡ. ನಿನಗೆ ಅಳು ಬರಬಾರದು ಅಂತ ಅವಳು ಹಾಗೆ ಹೇಳಿದ್ದು.

ಯಾಕೆ ಅಂತ ಹೇಳ್ತೀನಿ. ನೀನು ತುಂಬಾ ಚಿಕ್ಕವಳಿದ್ದಾಗ ಒಂದು ದಿನ ನನಗೆ ಜೋರು ನಿದ್ದೆ ಬರ್ತಿತ್ತು. ಗಾಡಿ ನಿಲ್ಲಿಸಿ ಮಲಗಬೇಕಿತ್ತು. ನಿಲ್ಲಿಸಲಿಲ್ಲ. ಸೈಕಲ್‌ನಲ್ಲಿ ಹಾಲು ತಗೊಂಡು ಹೋಗ್ತಿದ್ದ ಒಬ್ಬ ತಾತನಿಗೆ ಗಾಡಿ ತಾಗಿತು. ತಾತ ತೀರಿಕೊಂಡರು. ನಾನು ಬೇಕು ಅಂತ ಮಾಡಲಿಲ್ಲ. ಆದರೆ ನಿಲ್ಲಿಸದೇ ಇದ್ದದ್ದು ನನ್ನ ತಪ್ಪೇ. ಇನ್ನೊಂದು ಹೇಳಬೇಕು. ನನಗೆ ಹೆದರಿಕೆ ಆಗಿ ಸ್ವಲ್ಪ ದೂರ ಓಡಿಹೋದೆ. ಆಮೇಲೆ ವಾಪಸ್ ಬಂದೆ. ಅದಕ್ಕೂ ನನಗೆ ನಾಚಿಕೆ ಇದೆ.

ಆಗಲೇ ಯಾಕೆ ಹಿಡೀಲಿಲ್ಲ ಅಂತ ಕೇಳ್ತೀಯ. ನಿಮ್ಮ ಮಿಸ್ ಪರೀಕ್ಷೆ ಪೇಪರ್ ನೋಡಿ ಮಾರ್ಕ್ಸ್ ಕೊಡ್ತಾರಲ್ಲ, ಹಾಗೆ ಒಬ್ಬರು ಜಡ್ಜ್ ನೋಡಿ ತಪ್ಪು ಅಂದರು. ಇನ್ನೊಂದು ಸಲ ನೋಡಿ ಅಂತ ನಾನೇ ದೊಡ್ಡ ಜಡ್ಜ್‌ನ ಕೇಳಿಕೊಂಡೆ. ಅವರೂ ತಪ್ಪು ಅಂದರು. ಅವರಿಗಿಂತ ದೊಡ್ಡವರೂ ಹಾಗೇ ಅಂದರು. ಅಷ್ಟರಲ್ಲಿ ಎಂಟು ವರ್ಷ ಆಯ್ತು. ಈಗ ಆರು ತಿಂಗಳು ಇಲ್ಲಿರಬೇಕು.

ಗಣೇಶನ ಹಬ್ಬಕ್ಕೆ ನಾನು ಬರಲ್ಲ. ದಸರಾ ರಜಕ್ಕೂ ಬರಲ್ಲ. ದೀಪಾವಳಿಗೂ ಇಲ್ಲ. ಸಂಕ್ರಾಂತಿ ಎಳ್ಳು ಬೆಲ್ಲ ತಿಂದಾದ ಮೇಲೆ ಸ್ವಲ್ಪ ದಿನಕ್ಕೆ ಬರ್ತೀನಿ. ಎಳ್ಳು ಬೆಲ್ಲ ಒಂದು ಡಬ್ಬಿಯಲ್ಲಿ ಎತ್ತಿಡು.

ಇಲ್ಲಿ ನನಗೆ ಯಾರೂ ಹೊಡೆಯಲ್ಲ. ಊಟ ಕೊಡ್ತಾರೆ. ಸಂಜೆ ನಮ್ಮನ್ನೆಲ್ಲ ಎಣಿಸಿ ಒಳಗೆ ಹಾಕಿ ಬಾಗಿಲು ಹಾಕ್ತಾರೆ. ಆಗ ನಿನ್ನ ನೆನಪು ಜಾಸ್ತಿ ಬರುತ್ತೆ. ರಾತ್ರಿ ಬೇಗ ನಿದ್ದೆ ಮಾಡ್ತೀನಿ.

ಶಾಲೇಲಿ ಯಾರಾದರೂ ಕೇಳಿದರೆ 'ಹೌದು, ಸಂಕ್ರಾಂತಿ ಆದ್ಮೇಲೆ ಬರ್ತಾರೆ' ಅಂತ ಹೇಳಿ ಆಟಕ್ಕೆ ಹೋಗು. ಹೇಳಕ್ಕೆ ಇಷ್ಟ ಇಲ್ಲದಿದ್ದರೆ ಹೇಳಬೇಡ. ಜಾಸ್ತಿ ರೇಗಿಸಿದರೆ ಮಿಸ್‌ಗೆ ಹೇಳು. ಅಮ್ಮ ಅವರ ಹತ್ತಿರ ಮಾತಾಡಿದ್ದಾಳೆ.

ನೀನು ಏನೂ ಮಾಡಿಲ್ಲ. ನಿನ್ನಿಂದ ಏನೂ ಆಗಿಲ್ಲ. ಕೋಪ ಬಂದರೆ ಕೋಪ ಅಂತಲೇ ಬರಿ. ಏನು ಬೇಕಾದರೂ ಕೇಳು.

ನಿನ್ನ ಅಪ್ಪ"

ಅಷ್ಟೇ. ಕೇಸಿನ ನಂಬರ್ ಇಲ್ಲ, ವಕೀಲರಿಗೆ ಎಷ್ಟು ಖರ್ಚಾಯ್ತು ಅನ್ನೋದಿಲ್ಲ, ಯಾರನ್ನೂ ಬೈದಿಲ್ಲ. ಓಡಿಹೋದ ವಿಷಯ ಬೇಕಾ ಅಂತ ನನಗೇ ಅನುಮಾನ ಇತ್ತು. ಅವನು ಬೇಕೇ ಬೇಕು ಅಂದ. ಊರಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಮೊದಲು ನನ್ನ ಬಾಯಲ್ಲೇ ಕೇಳಲಿ ಅಂದ. ಅಲ್ಲಿ ಮೇಷ್ಟ್ರು ಅವನೇ ಆಗಿದ್ದ.

ಹಬ್ಬಗಳ ಲೆಕ್ಕವೂ ಅವನದೇ. ನಾನು "ಜನವರಿ 20ರ ಹೊತ್ತಿಗೆ" ಅಂತ ಬರೆದಿದ್ದೆ. ಮಕ್ಕಳಿಗೆ ತಾರೀಕು ಅರ್ಥ ಆಗಲ್ಲ ಮೇಷ್ಟ್ರೇ, ಹಬ್ಬ ಅರ್ಥ ಆಗುತ್ತೆ ಅಂದ. ಗಣೇಶನ ಹಬ್ಬಕ್ಕೆ ಬಂದರೂ ಬರಬಹುದು ಅಂತ ಬಾಯಿ ತುದಿಗೆ ಬಂದಿತ್ತಂತೆ. ಬರೆಯಲಿಲ್ಲ. ಒಳ್ಳೇದಾಯ್ತು. ಬಾಗಿಲು ನೋಡುತ್ತಾ ಕೂತ ಮಗುವಿಗೆ "ಬರಲ್ಲ" ಅನ್ನೋದಕ್ಕಿಂತ "ಬರಬಹುದು" ಅನ್ನೋದೇ ಕ್ರೂರ.

ಲಕೋಟೆ ಶಾಲೆಗಲ್ಲ, ಮನೆಗೆ ಹೋಯಿತು. ತಾಯಿ ಪಕ್ಕದಲ್ಲಿ ಕೂತು ಓದಿಸಬೇಕು ಅಂತ ಮೊದಲೇ ಮಾತಾಗಿತ್ತು. ಎರಡು ಸಲ ಓದಿದಳಂತೆ. ಆಮೇಲೆ ಇಡ್ಲಿ ಕೇಳಿದಳಂತೆ. ಮಕ್ಕಳು ಹಾಗೇ ಅಲ್ವಾ? ಆ ರಾತ್ರಿ ಮಲಗಿ ಅತ್ತಳು, ಮೂರು ವಾರದಲ್ಲಿ ಮೊದಲ ಸಲ ಅತ್ತಳು ಅಂತ ತಾಯಿ ಫೋನಿನಲ್ಲಿ ಹೇಳಿದರು. ಅವರ ದನಿಯಲ್ಲಿ ಗಾಬರಿ ಇರಲಿಲ್ಲ.

ಸಂದರ್ಶನಕ್ಕೆ ಮಗುವನ್ನು ಕರೆದುಕೊಂಡು ಬರಬೇಕಾ ಅಂತ ಕೇಳಿದ್ದಾರೆ. ಜಾಲರಿಯ ಆಚೆ ಅಪ್ಪ, ಅಕ್ಕಪಕ್ಕದಲ್ಲಿ ಎಲ್ಲರ ಕೂಗಾಟ. ಮೊದಲು ಇ-ಮುಲಾಖಾತ್‌ನಲ್ಲಿ ವಿಡಿಯೋ ಭೇಟಿಗೆ ಹೆಸರು ಬರೆಸಿ, ಮುಖ ನೋಡಲಿ, ಆಮೇಲೆ ಅವಳೇ ಬರ್ತೀನಿ ಅಂದರೆ ಕರೆತನ್ನಿ ಅಂದಿದ್ದೇನೆ.

ನಿನ್ನೆ ಮಗಳ ಉತ್ತರ ಬಂತು. ನೋಟ್‌ಬುಕ್ಕಿನ ಒಂದು ಹಾಳೆ, ಪೆನ್ಸಿಲ್ ಅಕ್ಷರ. ಎಳ್ಳು ಬೆಲ್ಲದ ಡಬ್ಬಿಗೆ ಈಗಲೇ ಹೆಸರು ಬರೆದು ಅಂಟಿಸಿದ್ದಾಳೆ. ಕನ್ನಡದಲ್ಲಿ 23 ಮಾರ್ಕ್ಸ್ ಬಂದಿದೆ. ಕೊನೆಯಲ್ಲಿ ಒಂದು ಪ್ರಶ್ನೆ: "ಆ ಹಾಲಿನ ತಾತನ ಮನೇಲಿ ನನ್ನ ಥರ ಮೊಮ್ಮಗಳು ಇದ್ದಾಳಾ?"

ಅವನು ಆ ಹಾಳೆಯನ್ನು ನನ್ನ ಟೇಬಲ್ ಮೇಲಿಟ್ಟು ನಿಂತ. ಇದ್ದಾಳಂತೆ. ಕೋರ್ಟಿನಲ್ಲಿ ಸಾಕ್ಷಿ ಹೇಳೋಕೆ ಬಂದಿದ್ದ ತಾತನ ಮಗನ ಸೊಂಟದ ಮೇಲೆ ನೋಡಿದ್ದಾನಂತೆ. ಸೋಮವಾರ ಮತ್ತೆ ಕೂತು ಬರೆಯಬೇಕು.