ಮೊದಲು ಇಮೇಲ್, ಆಮೇಲೆ ಉಳಿದದ್ದು

"ನಮ್ಮ ಲೆಕ್ಕಿಗರು ಕೆಲಸ ಬಿಟ್ಟ ದಿನವೇ ಎಲ್ಲ ಪಾಸ್‌ವರ್ಡ್ ಬದಲಿಸಿದೆವು. ಇನ್ನೂ ಏನಾದರೂ ಉಳಿದಿರುತ್ತದೆಯೇ?"

ಉಳಿದಿರುತ್ತದೆ, ಅದೂ ಹೆಚ್ಚಾಗಿ ಎಲ್ಲರೂ ಸೇರಿ ಬಳಸುವ ಇಮೇಲ್‌ನಲ್ಲಿ. ಬಿಲ್ಲಿಂಗ್, ಜಾಲತಾಣ, ಸಾಮಾಜಿಕ ಜಾಲತಾಣದ ಪುಟ, ಎಲ್ಲದರ 'ಪಾಸ್‌ವರ್ಡ್ ಮರೆತಿರಾ' ಕೊಂಡಿಯೂ ಅಲ್ಲಿಗೇ ಬರುತ್ತದೆ. ಆದ್ದರಿಂದ ಅದನ್ನು ಭದ್ರಪಡಿಸದೆ ಉಳಿದವನ್ನು ಬದಲಿಸಿದ್ದರೆ ಆ ಶ್ರಮ ವ್ಯರ್ಥ.

ಆ ಖಾತೆಯ ಭದ್ರತಾ ಪುಟ ತೆರೆದು ಮರುಪಡೆಯುವ ಮೊಬೈಲ್ ಸಂಖ್ಯೆ ಯಾರದೆಂದು ನೋಡಿ. ಖಾತೆ ತೆರೆದವರು ಅವರೇ ಆಗಿದ್ದರೆ ಸಂಖ್ಯೆಯೂ ಅವರದೇ ಇರುವ ಸಂಭವ ಹೆಚ್ಚು. ಎರಡನೇ ಹಂತದ ಆರು ಅಂಕಿಗಳ ಕೋಡ್ ಅವರ ಫೋನಿನ ಆ್ಯಪ್‌ನಲ್ಲಿದ್ದರೆ, ಪಾಸ್‌ವರ್ಡ್ ಬದಲಾದರೂ ಕೋಡ್ ಅಲ್ಲಿ ಮೂಡುತ್ತಲೇ ಇರುತ್ತದೆ. ಹಳೆಯ ಜೋಡಣೆ ತೆಗೆದು, ಹೊಸ ಕ್ಯೂಆರ್ ಕೋಡ್ ಅನ್ನು ನಿಮ್ಮ ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು. ಬ್ಯಾಕಪ್ ಕೋಡ್‌ಗಳನ್ನೂ ಹೊಸದಾಗಿ ಪಡೆಯಿರಿ.

ಆಮೇಲೆ ಫಾರ್ವರ್ಡಿಂಗ್ ಮತ್ತು ಫಿಲ್ಟರ್. ರಜೆಯಲ್ಲಿದ್ದಾಗ ಬಿಲ್ ನೋಡಲೆಂದು ಲೆಕ್ಕಿಗರು ತಮ್ಮ ಸ್ವಂತ ವಿಳಾಸಕ್ಕೆ ಪ್ರತಿ ಹೋಗುವಂತೆ ಎಂದೋ ಮಾಡಿಕೊಂಡಿರುತ್ತಾರೆ, ದುರುದ್ದೇಶ ಇರಬೇಕೆಂದೇನಿಲ್ಲ. ಪಾಸ್‌ವರ್ಡ್ ಬದಲಿಸಿದರೆ ಆ ನಿಯಮ ಅಳಿಯುವುದಿಲ್ಲ. ಪ್ರತಿ ಹೋಗುತ್ತಲೇ ಇರುತ್ತದೆ, ನಿಮ್ಮ ಇನ್‌ಬಾಕ್ಸ್‌ನಲ್ಲಿ ಅದರ ಸುಳಿವೂ ಕಾಣುವುದಿಲ್ಲ.

ಕೊನೆಗೆ ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ, ಇಮೇಲ್ ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಿ. ಅದಾದ ಮೇಲೆಯೇ ಬಿಲ್ಲಿಂಗ್ ಮತ್ತು ಉಳಿದ ಪಾಸ್‌ವರ್ಡ್‌ಗಳು. ಹೌದು, ಮತ್ತೊಮ್ಮೆ! ಆದರೆ ಕಚೇರಿಯಲ್ಲಿ ಅವರ ಹೆಸರಿನಲ್ಲಿದ್ದ ಖಾತೆಯನ್ನು ಅಳಿಸುವ ಆತುರ ಬೇಡ. ಕಡತಗಳ ಒಡೆತನ ವರ್ಗಾಯಿಸುವವರೆಗೆ ಅದನ್ನು ತಡೆಹಿಡಿದರೆ ಸಾಕು.