ಸದ್ದು ಒಂದೇ, ಅಕ್ಷರ ಬೇರೆ: ಅಮ್ಹಾರಿಕ್ ಕಾಗುಣಿತದ ಗೊಂದಲ

ಇಥಿಯೋಪಿಯಾದ ಅಮ್ಹಾರಿಕ್ ಬರೆಯುವವರು ಜಾಸ್ತಿ ಎಡವುವುದು ಹ, ಸ, ಅ ಥರದ ಸುಲಭದ ಸದ್ದುಗಳಲ್ಲಿ. ಹಕಾರಕ್ಕೆ ಮುಖ್ಯವಾಗಿ ሀ, ሐ, ኀ ಅಂತ ಮೂರು ಅಕ್ಷರ. ಸಕಾರಕ್ಕೆ ሰ, ሠ. ಅಕಾರಕ್ಕೆ አ, ዐ. ಒತ್ತಿ ಹೇಳುವ 'ತ್ಸ'ಕ್ಕೆ ጸ, ፀ. ಈ ಲಿಪಿ ಹಳೆಯ ಗೀಝ್ ಭಾಷೆಯದು, ಅಲ್ಲಿ ಇವುಗಳ ಉಚ್ಚಾರ ಬೇರೆ ಬೇರೆ ಇತ್ತು. ಅಮ್ಹಾರಿಕ್‌ನಲ್ಲಿ ಸದ್ದುಗಳು ಬೆರೆತುಹೋದವು, ಅಕ್ಷರಗಳು ಹಾಗೇ ಉಳಿದವು. ನಾವು ಶ, ಷ ಎರಡನ್ನೂ ಒಂದೇ ಥರ ಹೇಳಿ ಬರೆಯುವಾಗ ತಡವರಿಸುತ್ತೇವಲ್ವಾ, ಹಾಗೆಯೇ.

ನಮ್ಮ ಕಾಗುಣಿತದ ಹಾಗೆ ಅಲ್ಲೂ ಪ್ರತಿ ಅಕ್ಷರಕ್ಕೆ ಸ್ವರಕ್ಕೆ ತಕ್ಕಂತೆ ಏಳು ರೂಪ. ಸಾಲದ್ದಕ್ಕೆ ಹಕಾರದ ಮೊದಲ ರೂಪ ሀ, ನಾಲ್ಕನೆಯ ರೂಪ ሃ, ಎರಡನ್ನೂ 'ಹಾ' ಅಂತಲೇ ಓದುತ್ತಾರೆ. ಹಾಗಾಗಿ ಈ ಮೂರು ಅಕ್ಷರಗಳಿಂದಲೇ ಒಂದು 'ಹಾ' ಬರೆಯಲು ሀ, ሃ, ሐ, ሓ, ኀ, ኃ ಅಂತ ಆರು ದಾರಿ.

ಕಿವಿಯನ್ನು ನಂಬಿ ಇದನ್ನು ತಿದ್ದಲು ಆಗುವುದಿಲ್ಲ. ಪದದ ಬೇರನ್ನೇ ಹಿಡಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಕ್ಷರಗಳನ್ನು ಕರೆಯುವ ಹೆಸರಲ್ಲೇ ಸುಳಿವಿದೆ: ንጉሡ ሠ ಅಂದರೆ 'ರಾಜನ ಸ', እሳቱ ሰ ಅಂದರೆ 'ಬೆಂಕಿಯ ಸ'. ರಾಜ ንጉሥ, ರಾಣಿ ንግሥት, ಸರ್ಕಾರ መንግሥት. ಮೂರೂ ಒಂದೇ ಬೇರಿನವು, ಮೂರರಲ್ಲೂ ರಾಜನ ಸ ಬರುತ್ತದೆ. ಒಂದನ್ನು ನೆನಪಿಟ್ಟರೆ ಇಡೀ ಸಂಸಾರ ಸರಿಯಾಗುತ್ತದೆ.

ಚಕ್ರವರ್ತಿ ಹೈಲೆ ಸೆಲಾಸಿಯ ಹೆಸರು ನೋಡಿ. ಎಷ್ಟೋ ಕಡೆ ሃይለ ስላሴ ಅಂತ ಬರೆದಿರುತ್ತದೆ. ಓದಿದರೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಸರಿಯಾದದ್ದು ኃይለ ሥላሴ. ಶಕ್ತಿ ಅನ್ನುವ ኃይል ಪದಕ್ಕೆ ኀ ಗುಂಪಿನ ಹ. ತ್ರಿತ್ವ ಅನ್ನುವ ሥላሴ ಬಂದಿದ್ದು ಗೀಝ್‌ನ ಮೂರು, ሠለስቱ, ಇದೇ ಬೇರಿನಿಂದ. ಆ ಬೇರಲ್ಲಿ ಮೊದಲು ರಾಜನ ಸ, ಆಮೇಲೆ ಬೆಂಕಿಯ ಸ, ಅದೇ ಕ್ರಮ ಹೆಸರಿಗೂ ಬಂತು. ಎರಡೂ ಸ ಒಂದೇ ಪದದಲ್ಲಿರುವುದರಿಂದ, ಒಂದು ಕಡೆಯಿಂದ ಎಲ್ಲ ሰ ತೆಗೆದು ሠ ಹಾಕುತ್ತಾ ಹೋದರೆ ಸರಿ ಇದ್ದದ್ದೂ ಕೆಡುತ್ತದೆ.

ಬೇರಿನಿಂದ ಸುಲಭವಾಗಿ ತೀರ್ಮಾನವಾಗದ ಪದಗಳೂ ಇವೆ. ಕೂದಲಿಗೆ ጸጉር, ፀጉር ಎರಡೂ ಓಡಾಡುತ್ತವೆ. ಅಂಥಲ್ಲಿ ಒಂದು ನಿಘಂಟನ್ನು ಆರಿಸಿಕೊಂಡು ಬರಹದುದ್ದಕ್ಕೂ ಅದನ್ನೇ ಪಾಲಿಸಿದರೆ ಸಾಕು, ಜಗಳ ಬೇಡ.

ಕಂಪ್ಯೂಟರಿನಲ್ಲಿ ಹುಡುಕುವಾಗ ಮಾತ್ರ ಬೇರೆ ಮಾತು. ሃይለ ಅಂತ ಟೈಪ್ ಮಾಡಿದವರಿಗೆ ኃይለ ಸಿಗಲೇಬೇಕು. ಅದಕ್ಕೆ ಹುಡುಕಾಟದ ಒಳಗೆ ሐ, ኀ ಎರಡನ್ನೂ ሀ ಅಂತ, ሠ ಅನ್ನು ሰ ಅಂತ, ዐ ಅನ್ನು አ ಅಂತ, ፀ ಅನ್ನು ጸ ಅಂತ ಎಣಿಸುತ್ತಾರೆ. ಏಳೂ ಸ್ವರರೂಪಗಳಿಗೆ ಹೀಗೇ ಮಾಡಬೇಕು, ಜೊತೆಗೆ ሃ ಅನ್ನು ሀ ಜೊತೆ, ኣ ಅನ್ನು አ ಜೊತೆ ಸೇರಿಸಬೇಕು. ಇದು ಒಳ್ಳೆಯ ಉಪಾಯವೇ. ಆದರೆ ಹಾಗೆ ಸಪಾಟು ಮಾಡಿದ್ದನ್ನೇ ಮೂಲ ಬರಹದ ಮೇಲೆ ಹಾಕುವುದಕ್ಕೆ ನನ್ನ ವಿರೋಧವಿದೆ. ሠረቀ ಅಂದರೆ ಸೂರ್ಯ ಮೂಡಿದ, ሰረቀ ಅಂದರೆ ಕದ್ದ. ಒಮ್ಮೆ ಎರಡನ್ನೂ ሰረቀ ಮಾಡಿ ಉಳಿಸಿಬಿಟ್ಟರೆ, ಲೇಖಕರು ಯಾವುದನ್ನು ಬರೆದಿದ್ದರು ಅಂತ ಆ ಅಕ್ಷರಗಳನ್ನು ನೋಡಿ ಹೇಳಲು ಯಾರಿಗೂ ಆಗುವುದಿಲ್ಲ.